ಅಧ್ಯಕ್ಷರ ಒಂದು ಪುಟ

ಗಣೇಶೋತ್ಸವದ ಸ್ಮರಣ ಸಂಚಿಕೆ ಕೈಗೆ ಬಂದರೆ ಜನ ಮೊದಲು ಹುಡುಕುವುದು ದಾನಿಗಳ ಪಟ್ಟಿಯಲ್ಲಿ ತಮ್ಮ ಹೆಸರನ್ನು. ಆಮೇಲೆ ಮಕ್ಕಳು ಬರೆದ ಚಿತ್ರ, ಹೋದ ವರ್ಷದ ಮೆರವಣಿಗೆಯ ಫೋಟೋ, ಪರಿಚಯದ ಅಂಗಡಿಯವರ ಜಾಹೀರಾತು. ಸ್ವಾಮೀಜಿಯವರ ಆಶೀರ್ವಚನ, ಶಾಸಕರ ಮತ್ತು ಸಚಿವರ ಶುಭಸಂದೇಶಗಳು ಮುಗಿದ ಮೇಲೆ ‘ಅಧ್ಯಕ್ಷರ ನುಡಿ’ ಎಂಬ ಒಂದು ಪುಟ ಬರುತ್ತದೆ. ಎಡಗಡೆ ಮೇಲೆ ಒಂದು ಫೋಟೋ, ಕೆಳಗೆ ಸಹಿ, ನಡುವೆ ಧನ್ಯವಾದಗಳು ಮತ್ತು ಬರುವ ವರ್ಷದ ಗುರಿಗಳು. ಹಲವು ಉತ್ಸವ ಸಮಿತಿಗಳ ಸಂಚಿಕೆಗಳಿಗೆ ಸಂಪಾದಕತ್ವದ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇಡೀ ಸಂಚಿಕೆಯಲ್ಲಿ ನಾನು ಹೆಚ್ಚು ಕಾಳಜಿಯಿಂದ ನೋಡುವುದು ಈ ಪುಟವನ್ನೇ. ಮಂತ್ರಿಗಳ ಶುಭಸಂದೇಶವನ್ನು ಊರಿನ ಹೆಸರು ಬದಲಿಸಿ ಯಾವ ಸಂಚಿಕೆಯಲ್ಲಾದರೂ ಅಚ್ಚು ಹಾಕಬಹುದು. ಜನ ಕೊಟ್ಟ ಹಣದಿಂದ ಏನಾಯಿತು, ಮುಂದೆ ಏನಾಗುತ್ತದೆ ಎಂದು ಸಮಿತಿಯ ಪರವಾಗಿ ಸಹಿ ಹಾಕಿ ಹೇಳುವ ಜಾಗ ಇದೊಂದೇ.

ಈ ಪುಟವನ್ನು ಬರೆಯುವ ಕಷ್ಟ ಶುರುವಾಗುವುದು ಕಾಲದಿಂದ. ಸಂಚಿಕೆ ಹಬ್ಬದ ದಿನ ಬಿಡುಗಡೆಯಾಗಬೇಕಾದರೆ ಬರಹಗಳು ಹತ್ತು ಹದಿನೈದು ದಿನ ಮೊದಲೇ ಮುದ್ರಣಾಲಯಕ್ಕೆ ಹೋಗಬೇಕು. ಅಂದರೆ ಅಧ್ಯಕ್ಷರು ಬರೆಯಲು ಕೂರುವಾಗ ಮೂರ್ತಿ ಇನ್ನೂ ಬಂದಿರುವುದಿಲ್ಲ, ಪೆಂಡಾಲಿನ ಕಂಬ ನೆಟ್ಟಿರುವುದಿಲ್ಲ, ಅರ್ಧ ಬಡಾವಣೆಯ ವಂತಿಗೆ ಇನ್ನೂ ಸಂಗ್ರಹವಾಗುತ್ತಿರುತ್ತದೆ. ಓದುವವರು ಮಾತ್ರ ಹಬ್ಬದ ನಡುವೆ ಕುಳಿತು ಓದುತ್ತಾರೆ. ಇದನ್ನು ಮರೆತು ಬರೆದ ಪುಟ ತಕ್ಷಣ ಗೊತ್ತಾಗುತ್ತದೆ. ‘ಈ ಬಾರಿಯ ಉತ್ಸವ ಅದ್ದೂರಿಯಾಗಿ ನೆರವೇರಿತು, ಸಹಕರಿಸಿದ ಸರ್ವರಿಗೂ ವಂದನೆಗಳು’ ಎಂದು ಮೊದಲ ದಿನವೇ ಹಂಚುವ ಪುಸ್ತಕದಲ್ಲಿ ಬಂದರೆ, ಕೊನೆಯ ದಿನದ ಮಳೆಗೆ ಸಾಂಸ್ಕೃತಿಕ ಕಾರ್ಯಕ್ರಮ ನಿಂತುಹೋದಾಗ ಆ ಸಾಲು ಎಲ್ಲರ ಕೈಯಲ್ಲೂ ಇರುತ್ತದೆ.

ಆದ್ದರಿಂದ ಧನ್ಯವಾದಕ್ಕೆ ಎರಡು ಭಾಗಗಳಿರಬೇಕು. ಹೋದ ವರ್ಷದ ಹಬ್ಬಕ್ಕೆ ದುಡಿದವರಿಗೆ ಪೂರ್ತಿ ಧನ್ಯವಾದ ಹೇಳಬಹುದು, ಏಕೆಂದರೆ ಆ ಕೆಲಸ ಕಣ್ಣ ಮುಂದೆ ಮುಗಿದಿದೆ. ಈ ವರ್ಷದವರಿಗೆ, ಅಚ್ಚಿಗೆ ಹೋಗುವ ದಿನದವರೆಗೆ ಏನು ಮಾಡಿದ್ದಾರೋ ಅಷ್ಟಕ್ಕೆ ಮಾತ್ರ. ದಾನಿಗಳ ಪಟ್ಟಿಯ ಕೆಳಗೆ ‘ಇಂಥ ತಾರೀಖಿನವರೆಗೆ ರಸೀದಿ ಪಡೆದವರ ಹೆಸರುಗಳು ಇಲ್ಲಿವೆ, ನಂತರದವು ಸೂಚನಾ ಫಲಕದಲ್ಲಿ ಮತ್ತು ಮುಂದಿನ ಸಂಚಿಕೆಯಲ್ಲಿ’ ಎಂದು ಒಂದು ಸಾಲು ಹಾಕಿಬಿಟ್ಟರೆ ಎಷ್ಟೋ ಮನಸ್ತಾಪ ಹುಟ್ಟುವುದೇ ಇಲ್ಲ. ಹೆಸರು ಬಿಟ್ಟುಹೋಯಿತೆಂದು ಮುಂದಿನ ವರ್ಷ ಬಾಗಿಲು ಹಾಕಿಕೊಳ್ಳುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಅವರ ಬೇಸರವನ್ನು ಸಣ್ಣದೆಂದು ನಾನು ಭಾವಿಸುವುದಿಲ್ಲ. ಕೊಟ್ಟದ್ದು ನೂರು ರೂಪಾಯಿ ಆದರೂ ಅದು ಬರಹದಲ್ಲಿ ಉಳಿಯಲಿ ಎಂದು ಬಯಸುವ ಹಕ್ಕು ಅವರಿಗಿದೆ.

ಇನ್ನು ಯಾರಿಗೆ ವಂದಿಸುವುದು. ಬಹಳ ಅಧ್ಯಕ್ಷರು ಹುದ್ದೆಯ ಎತ್ತರದಂತೆ ಕೆಳಗಿಳಿಯುತ್ತಾರೆ. ಸಚಿವರು, ಶಾಸಕರು, ನಗರಸಭೆಯ ಸದಸ್ಯರು, ಉದ್ಯಮಿಗಳು, ಪದಾಧಿಕಾರಿಗಳು. ಅಷ್ಟರಲ್ಲಿ ಪುಟ ತುಂಬಿ, ಉಳಿದವರೆಲ್ಲ ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ’ ಎಂಬ ಒಂದು ಮೂಟೆಯಲ್ಲಿ ಸೇರುತ್ತಾರೆ. ನಾನು ಅಧ್ಯಕ್ಷರನ್ನು ಕೇಳುವುದು ಬೇರೆ: ಯಾರು ಬರದಿದ್ದರೆ ಹೋದ ವರ್ಷದ ಹಬ್ಬ ನಿಲ್ಲುತ್ತಿತ್ತು? ಹೀಗೆ ಕೇಳಿದಾಗ ಬರುವ ಉತ್ತರ ಬೇರೆಯೇ ಇರುತ್ತದೆ. ತಾತ್ಕಾಲಿಕ ವಿದ್ಯುತ್ ಸಂಪರ್ಕ ಕೊಟ್ಟು, ಗಾಳಿಮಳೆಯ ರಾತ್ರಿ ಮತ್ತೆ ಬಂದು ತಂತಿ ನೋಡಿದ ಲೈನ್‌ಮನ್. ಅನ್ನಸಂತರ್ಪಣೆಗೆ ಹಿಂದಿನ ರಾತ್ರಿಯಿಂದ ತರಕಾರಿ ಹೆಚ್ಚಿದ ಬೀದಿಯ ಹೆಂಗಸರು. ಗಣಪತಿ ಬಿಡುವ ಮೆರವಣಿಗೆಯಲ್ಲಿ ಕೊನೆಯವರೆಗೂ ನಿಂತ ಪೊಲೀಸರು, ಗೃಹರಕ್ಷಕರು. ಮರುದಿನ ಬೆಳಗಿನ ಜಾವ ಹೂವು, ಕಾಗದ, ಪಟಾಕಿ ಸಿಪ್ಪೆ ಗುಡಿಸಿದ ಪೌರಕಾರ್ಮಿಕರು. ಇವರಲ್ಲಿ ಒಬ್ಬೊಬ್ಬರಿಗೆ ಅವರು ಮಾಡಿದ ಕೆಲಸ ಹೇಳಿ ವಂದಿಸಿದರೆ ಒಂದು ಸಾಲು ಸಾಕು, ‘ಅನನ್ಯ ಸೇವೆ’, ‘ಅವಿಸ್ಮರಣೀಯ ಸಹಕಾರ’ ಎಂಬ ಮಾತುಗಳು ಬೇಕಾಗುವುದಿಲ್ಲ.

ಜಾಹೀರಾತು ಕೊಟ್ಟವರನ್ನೂ ದಾನಿಗಳನ್ನೂ ಒಂದೇ ವಾಕ್ಯದಲ್ಲಿ ಸೇರಿಸಬಾರದು. ದಾನಿ ಕೈಯೆತ್ತಿ ಕೊಟ್ಟಿದ್ದಾರೆ. ಜಾಹೀರಾತುದಾರರು ಪುಟ ಕೊಂಡಿದ್ದಾರೆ, ಅದು ಅವರ ವ್ಯಾಪಾರದ ಖರ್ಚು. ಅವರಿಗೆ ಬಿಲ್ಲು, ರಸೀದಿ, ಜಾಹೀರಾತು ಅಚ್ಚಾದದ್ದಕ್ಕೆ ಸಾಕ್ಷಿಯಾಗಿ ಸಂಚಿಕೆಯ ಒಂದು ಪ್ರತಿ ತಲುಪಬೇಕು. ಇದನ್ನು ಮುದ್ರಣದವರು ವೋಚರ್ ಪ್ರತಿ ಎನ್ನುತ್ತಾರೆ. ಈ ಪ್ರತಿ ತಲುಪದ ಅಂಗಡಿಯವರು ಮರುವರ್ಷ ಕೊಡುವುದಿಲ್ಲ, ಅಧ್ಯಕ್ಷರ ನುಡಿಯಲ್ಲಿ ಅವರನ್ನು ಎಷ್ಟು ಹೊಗಳಿದ್ದರೂ ಸರಿ.

ಗುರಿಗಳ ವಿಷಯಕ್ಕೆ ಬಂದರೆ ಮೊದಲು ಕೇಳಿಕೊಳ್ಳಬೇಕಾದದ್ದು ‘ಈ ವರ್ಷ’ ಎಂದರೆ ಯಾವುದು ಎಂದು. ಹಣಕಾಸಿನ ವರ್ಷ ಏಪ್ರಿಲಿನಿಂದ ಮಾರ್ಚ್‌ವರೆಗೆ. ಸಮಿತಿಯ ಅವಧಿ ಬೈಲಾದಂತೆ, ಸರ್ವ ಸದಸ್ಯರ ಸಭೆಯಿಂದ ಸಭೆಗೆ. ಜನರ ಮನಸ್ಸಿನಲ್ಲಿ ವರ್ಷ ಎಂದರೆ ಚೌತಿಯಿಂದ ಚೌತಿಗೆ, ಅದೂ ಒಂದೇ ಅಳತೆಯದಲ್ಲ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ಅಧಿಕ ಮಾಸ ನಡುವೆ ಬರುವುದರಿಂದ ಅದು ಸೆಪ್ಟೆಂಬರ್ 14ಕ್ಕೆ. ಹೊರನಾಡಿನ ಮತ್ತು ವಿದೇಶಗಳ ಕನ್ನಡ ಸಂಘಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಸಂಚಿಕೆ ಬರುವುದು ನವೆಂಬರಿನ ರಾಜ್ಯೋತ್ಸವಕ್ಕೆ. ಸಮಿತಿಯ ಅವಧಿ ಡಿಸೆಂಬರಿಗೆ ಮುಗಿಯುವ ಸಂಘದಲ್ಲಿ, ಅಧ್ಯಕ್ಷರು ವರ್ಷದ ಗುರಿಗಳೆಂದು ಬರೆಯುವಾಗ ಅವರ ಕೈಯಲ್ಲಿ ಎರಡೇ ತಿಂಗಳು ಉಳಿದಿರುತ್ತದೆ. ಅಂಥವರು ಗುರಿ ಎಂದು ಬರೆಯುವ ಬದಲು ಮುಂದಿನ ಸಮಿತಿಗೆ ಏನು ಒಪ್ಪಿಸಿಹೋಗುತ್ತೇವೆ ಎಂದು ಬರೆಯುವುದೇ ಸರಿ. ಎಲ್ಲರಿಗೂ ಸಲ್ಲುವ ಸುಲಭ ದಾರಿ, ಪ್ರತಿ ಗುರಿಗೂ ತಿಂಗಳ ಹೆಸರು ಹಾಕುವುದು.

ಗುರಿ ಅಲ್ಲದ್ದನ್ನು ಗುರಿ ಎಂದು ಬರೆಯುವುದು ಇನ್ನೊಂದು ಅಭ್ಯಾಸ. ‘ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬಳಸುವುದಿಲ್ಲ’ ಎಂದು ಸಂಕಲ್ಪದಂತೆ ಬರೆಯುತ್ತಾರೆ. ಕರ್ನಾಟಕದಲ್ಲಿ ಆ ಮೂರ್ತಿಗಳಿಗೆ ನಿಷೇಧವೇ ಇದೆ. ‘ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವುದಿಲ್ಲ’ ಎನ್ನುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದಕ್ಕೆ ತಡೆ ಹಾಕಿವೆ. ಲೆಕ್ಕಪರಿಶೋಧನೆ ಮಾಡಿಸುವುದು, ವಾರ್ಷಿಕ ಸಭೆ ಕರೆಯುವುದು, ಸಂಘಗಳ ನೋಂದಣಾಧಿಕಾರಿಗೆ ಪಟ್ಟಿ ಸಲ್ಲಿಸುವುದು ಇವೆಲ್ಲ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘದ ಕರ್ತವ್ಯಗಳು. ಇವನ್ನು ಮಾಡಿದ್ದೇವೆ ಎಂದು ವರದಿಯಾಗಿ ಹೇಳುವುದು ಒಳ್ಳೆಯದು. ಸಾಧನೆಯಾಗಿಯೋ ಕನಸಾಗಿಯೋ ಹೇಳಬಾರದು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಆದರೆ ತಾಲ್ಲೂಕು ಕೇಂದ್ರವೊಂದರ ಬಡಾವಣೆಯ ಸಮಿತಿ ಸುಮಾರಾಗಿ ಹೀಗೇ ಇರುತ್ತದೆ. ಹೋದ ವರ್ಷ ವಂತಿಗೆಯಿಂದ 4,20,000 ರೂಪಾಯಿ ಬಂತು, ಸಂಚಿಕೆಯ ಜಾಹೀರಾತಿನಿಂದ 1,10,000. ಸಂಚಿಕೆ ಅಚ್ಚು ಹಾಕಿಸಲು 70,000, ಹಬ್ಬಕ್ಕೆ 4,10,000 ಖರ್ಚಾಯಿತು. ಕೈಯಲ್ಲಿ ಉಳಿದದ್ದು 50,000 ರೂಪಾಯಿ. ಅಧ್ಯಕ್ಷರ ಮೊದಲ ಕರಡಿನಲ್ಲಿ ಇದ್ದ ಗುರಿಗಳು: ಸಮುದಾಯ ಭವನ, ಗ್ರಂಥಾಲಯ, ಪ್ರತಿಭಾ ಪುರಸ್ಕಾರ, ಆರೋಗ್ಯ ಶಿಬಿರ, ರಕ್ತದಾನ, ಯುವಕರಿಗೆ ಉದ್ಯೋಗ ತರಬೇತಿ, ಕೆರೆ ಸ್ವಚ್ಛತೆ. ಒಂದೊಂದೂ ಒಳ್ಳೆಯ ಕೆಲಸವೇ. 50,000 ರೂಪಾಯಿಯನ್ನು ಈ ಏಳಕ್ಕೂ ಹಂಚಿದರೆ ಮಾತ್ರ ಯಾವುದೂ ಬ್ಯಾನರ್ ಕಟ್ಟುವುದರಿಂದ ಆಚೆ ಹೋಗುವುದಿಲ್ಲ.

ಪ್ರತಿಭಾ ಪುರಸ್ಕಾರವನ್ನೇ ನೋಡಿ. ಸಮಿತಿಗಳು ಅದನ್ನು ಹಬ್ಬದ ವೇದಿಕೆಯಲ್ಲಿ ಮಾಡುತ್ತವೆ, ಶಾಲು ಹೊದಿಸಿ ಸಾವಿರ ರೂಪಾಯಿಯ ಲಕೋಟೆ ಕೊಡುತ್ತವೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿಗೆ ಹಣ ಬೇಕಾಗುವುದು ಪಿಯು ಕಾಲೇಜಿಗೆ ಸೇರುವ ಬೇಸಿಗೆಯ ಕೊನೆಯಲ್ಲಿ. ಚೌತಿಯ ಹೊತ್ತಿಗೆ ಆ ಶುಲ್ಕವನ್ನು ಮನೆಯವರು ಸಾಲ ಮಾಡಿ ಕಟ್ಟಿಯಾಗಿರುತ್ತದೆ, ಇಲ್ಲವೇ ಹುಡುಗಿ ಓದು ಬಿಟ್ಟಿರುತ್ತಾಳೆ. ಹಾಗಾಗಿ ಗುರಿಯನ್ನು ಹೀಗೆ ಬರೆಯಿಸಿದೆವು ಎಂದಿಟ್ಟುಕೊಳ್ಳಿ: ನಮ್ಮ ಬಡಾವಣೆಯ ಸರ್ಕಾರಿ ಪ್ರೌಢಶಾಲೆಯಿಂದ ತೇರ್ಗಡೆಯಾದ 10 ಮಕ್ಕಳಿಗೆ, ಮುಖ್ಯೋಪಾಧ್ಯಾಯರ ಸಲಹೆ ಪಡೆದು, ಜೂನ್ ಮೊದಲ ವಾರದೊಳಗೆ ತಲಾ 3,000 ರೂಪಾಯಿ. ಒಟ್ಟು 30,000. ಹಬ್ಬದ ವೇದಿಕೆಯಲ್ಲಿ ಬೇಕಾದರೆ ಅವರನ್ನು ಅಭಿನಂದಿಸಬಹುದು. ಅಂಕ ಹೆಚ್ಚು ತೆಗೆದವರಿಗೇ ಕೊಡಬೇಕೋ, ಕಷ್ಟ ಹೆಚ್ಚಿದ್ದವರಿಗೆ ಕೊಡಬೇಕೋ ಎಂಬುದನ್ನು ಸಮಿತಿ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ನನ್ನ ಮಟ್ಟಿಗೆ ಎರಡನೆಯದೇ ಸರಿ.

ರಕ್ತದಾನಕ್ಕೂ ತಿಂಗಳು ಮುಖ್ಯ. ಒಮ್ಮೆ ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ಸೆಪ್ಟೆಂಬರಿನ ಹಬ್ಬದಲ್ಲಿ ಒಂದು ಶಿಬಿರ ಮಾಡಿದರೆ ಎರಡನೆಯದನ್ನು ನವೆಂಬರಿಗೆ ಇಡುವುದರಲ್ಲಿ ಅರ್ಥವಿಲ್ಲ, ಬಂದವರನ್ನೇ ವಾಪಸು ಕಳಿಸಬೇಕಾಗುತ್ತದೆ. ಜನವರಿ ಕೊನೆಗೆ ಇಟ್ಟರೆ ಅದೇ ಜನ ಮತ್ತೆ ಬರಬಹುದು. ರಕ್ತ ತೆಗೆಯುವ ಸಾಮಗ್ರಿ, ವೈದ್ಯರು, ಸಿಬ್ಬಂದಿ ರಕ್ತನಿಧಿಯವರದು. ಸಮಿತಿಗೆ ಬೀಳುವುದು ಜಾಗ, ಹಾಸಿಗೆ, ತಿಂಡಿ, ಹಣ್ಣಿನ ರಸದ ಖರ್ಚು. ಅದಕ್ಕೆ 5,000 ಇಟ್ಟರೆ ನಮ್ಮ ಲೆಕ್ಕದಲ್ಲಿ 15,000 ಉಳಿಯಿತು. ಅದನ್ನು ಮುಂದಿನ ವರ್ಷದ ಪೆಂಡಾಲು, ಅಡುಗೆಯವರ ಮುಂಗಡಕ್ಕೆ ಬ್ಯಾಂಕಿನಲ್ಲೇ ಬಿಡಬೇಕು. ಖಾಲಿ ಕೈಯಿಂದ ಹಬ್ಬ ಶುರುಮಾಡುವ ಸಮಿತಿಯ ಖಜಾಂಚಿ ಸ್ವಂತ ಹಣ ಹಾಕುತ್ತಾರೆ, ಅಲ್ಲಿಂದ ಲೆಕ್ಕದ ಗೊಂದಲ ಹುಟ್ಟುತ್ತದೆ.

ಸಮುದಾಯ ಭವನದ ಕನಸನ್ನು ಬಿಟ್ಟುಬಿಡಬೇಕೆ? ಬೇಡ. ಅದರ ಈ ವರ್ಷದ ಹೆಜ್ಜೆಯನ್ನು ಮಾತ್ರ ಬರೆಯಬೇಕು. ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿಎ ನಿವೇಶನ ಖಾಲಿ ಇದೆಯೇ, ಅದನ್ನು ಪಡೆಯಲು ಯಾರಿಗೆ ಅರ್ಜಿ ಹಾಕಬೇಕು, ಏನೇನು ದಾಖಲೆ ಬೇಕು ಎಂದು ಮೂವರು ಸದಸ್ಯರು ಮಾರ್ಚ್ ಒಳಗೆ ವಿಚಾರಿಸಿ ವಾರ್ಷಿಕ ಸಭೆಗೆ ಲಿಖಿತ ವರದಿ ಕೊಡುತ್ತಾರೆ. ಇದಕ್ಕೆ ಹಣ ಬೇಡ, ಓಡಾಟ ಬೇಕು. ನಿವೇಶನ ಇಲ್ಲವೆಂದು ತಿಳಿದರೂ ಅದೊಂದು ಉತ್ತರವೇ. ಹತ್ತು ವರ್ಷ ಒಂದೇ ಸಾಲನ್ನು ಅಚ್ಚು ಹಾಕುವುದಾದರೂ ತಪ್ಪುತ್ತದೆ.

ಹೀಗೆ ಮೂರು ಗುರಿ ಉಳಿದವು. ಒಂದೊಂದಕ್ಕೂ ತಿಂಗಳು, ಮೊತ್ತ, ಹೊಣೆ ಹೊತ್ತವರ ಹೆಸರು ಇದೆ. ಹೆಸರು ಹಾಕುವ ಮುನ್ನ ಅವರನ್ನು ಕೇಳಿರಬೇಕು, ಮತ್ತು ಗುರಿಗಳನ್ನು ಕಾರ್ಯಕಾರಿ ಸಮಿತಿಯ ಸಭೆಯಲ್ಲಿಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿರಬೇಕು. ಅಧ್ಯಕ್ಷರೊಬ್ಬರೇ ಮನೆಯಲ್ಲಿ ಕುಳಿತು ಘೋಷಿಸಿದ ಗುರಿಗೆ ಕಾರ್ಯದರ್ಶಿ, ಖಜಾಂಚಿ ಕೈಜೋಡಿಸುವುದು ಕಷ್ಟ. ಅವರಿಗೆ ಅದು ಗೊತ್ತಾಗುವುದೇ ಸಂಚಿಕೆ ಓದಿದಾಗ.

ಅಚ್ಚಿನ ಕಡೆಯ ಮಾತನ್ನೂ ಹೇಳಬೇಕು. ಎ4 ಅಳತೆಯ ಪುಟದಲ್ಲಿ ಫೋಟೋ, ಶೀರ್ಷಿಕೆ, ಸಹಿಗೆ ಜಾಗ ಬಿಟ್ಟರೆ ಓದಲು ಹಿತವಾಗುವ ಅಕ್ಷರದಲ್ಲಿ ಸುಮಾರು 300 ಪದ ಹಿಡಿಯುತ್ತದೆ. ನಡುವೆ ಪಿನ್ನು ಹೊಡೆಯುವ ಸಂಚಿಕೆಯಲ್ಲಿ ಪುಟಗಳು ನಾಲ್ಕು ನಾಲ್ಕಾಗಿಯೇ ಹೆಚ್ಚುತ್ತವೆ. ಅಧ್ಯಕ್ಷರ ನುಡಿ ಮುಂದಿನ ಪುಟಕ್ಕೆ ಹರಿದರೆ ಒಂದು ಜಾಹೀರಾತಿನ ಪುಟ ಹೋಗುತ್ತದೆ, ಇಲ್ಲವೇ ನಾಲ್ಕು ಪುಟದ ಖರ್ಚು ಬೀಳುತ್ತದೆ. ಅಕ್ಷರವನ್ನು ಕುಗ್ಗಿಸಿ ತುರುಕಿದರೆ ಹಿರಿಯರು ಓದುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಹೆಸರುಗಳದು. ಅಧ್ಯಕ್ಷರು ಮೊಬೈಲಿನಲ್ಲಿ ಟೈಪು ಮಾಡಿ ವಾಟ್ಸಾಪಿನಲ್ಲಿ ಕಳಿಸುವುದು ಯುನಿಕೋಡ್ ಅಕ್ಷರಗಳಲ್ಲಿ. ಎಷ್ಟೋ ಡಿಟಿಪಿ ಅಂಗಡಿಗಳು ಈಗಲೂ ಪುಟ ಕಟ್ಟುವುದು ನುಡಿಯ ಹಳೆಯ ಫಾಂಟುಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರಗಳು, ಅರ್ಕಾವತ್ತು, ಅಂಕಿಗಳು ಕೆಡುವುದುಂಟು. ಆದ್ದರಿಂದ ಕಳಿಸಿದ ಬರಹವನ್ನು ಎಷ್ಟು ತಿದ್ದಿದ್ದರೂ ಸಾಲದು. ಪುಟ ಕಟ್ಟಿದ ಮೇಲೆ ಕಾಗದದ ಮೇಲೆ ಪ್ರೂಫ್ ತೆಗೆಸಿ, ಇಬ್ಬರು ಕೂತು, ಒಬ್ಬರು ರಸೀದಿ ಪುಸ್ತಕ ನೋಡಿ ಹೆಸರು ಓದುತ್ತ ಇನ್ನೊಬ್ಬರು ಪ್ರೂಫಿನಲ್ಲಿ ಗೀಟು ಹಾಕುತ್ತ ಹೋಗಬೇಕು. ತೀರಿಕೊಂಡವರ ಹೆಸರಿನ ಹಿಂದೆ ‘ದಿವಂಗತ’ ಬಂದಿದೆಯೇ, ಬದುಕಿರುವವರ ಹಿಂದೆ ಬಂದಿಲ್ಲವೇ ಎಂಬುದನ್ನೂ ಆಗಲೇ ನೋಡುವುದು.

ಮೇಲಿನ ಸಮಿತಿಯ ಅಧ್ಯಕ್ಷರ ಪುಟ ಕೊನೆಗೆ ಹೇಗಿರಬಹುದು? ಹೆಸರುಗಳ ಜಾಗದಲ್ಲಿ ಕೆಲಸಗಳನ್ನಷ್ಟೇ ಇಟ್ಟು ಬರೆದಿದ್ದೇನೆ.

‘ಆತ್ಮೀಯರೇ, ಗೌರಿ ಗಣೇಶ ಹಬ್ಬದ ಶುಭಾಶಯಗಳು. ಹೋದ ವರ್ಷದ ಉತ್ಸವಕ್ಕೆ ನೀವು ಕೊಟ್ಟ ವಂತಿಗೆ 4,20,000 ರೂಪಾಯಿ, ಸಂಚಿಕೆಯ ಜಾಹೀರಾತಿನಿಂದ ಬಂದದ್ದು 1,10,000. ಖರ್ಚು 4,80,000 ಕಳೆದು 50,000 ಉಳಿದಿದೆ. ಪರಿಶೋಧಿಸಿದ ಲೆಕ್ಕಪತ್ರವನ್ನು ಖಜಾಂಚಿಗಳು ಮುಂದಿನ ಪುಟಗಳಲ್ಲಿ ಕೊಟ್ಟಿದ್ದಾರೆ. ಮೂರನೆಯ ದಿನದ ಮಳೆಯಲ್ಲಿ ರಾತ್ರಿ ಬಂದು ವಿದ್ಯುತ್ ಸರಿಪಡಿಸಿದ ಲೈನ್‌ಮನ್ ಅವರಿಗೆ, ಅನ್ನಸಂತರ್ಪಣೆಯ ಅಡುಗೆಯನ್ನು ಹೊತ್ತುಕೊಂಡ ಎರಡನೇ ಅಡ್ಡರಸ್ತೆಯ ತಾಯಂದಿರಿಗೆ, ಮೆರವಣಿಗೆ ಕಾದ ಪೊಲೀಸರಿಗೆ, ಮರುದಿನ ಮೈದಾನವನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟ ಪೌರಕಾರ್ಮಿಕರಿಗೆ ನಮ್ಮೆಲ್ಲರ ನಮಸ್ಕಾರ. ಈ ವರ್ಷ ಇದುವರೆಗೆ ವಂತಿಗೆ ಕೊಟ್ಟವರ ಹೆಸರುಗಳು ಕೊನೆಯ ಪುಟಗಳಲ್ಲಿವೆ. ಪುಟ ಕೊಂಡು ಸಂಚಿಕೆಯನ್ನು ಸಾಧ್ಯವಾಗಿಸಿದ ವ್ಯಾಪಾರಿಗಳಿಗೆ ಕೃತಜ್ಞತೆಗಳು.

ಬರುವ ಹಬ್ಬದೊಳಗೆ ಸಮಿತಿ ಮೂರು ಕೆಲಸ ಒಪ್ಪಿಕೊಂಡಿದೆ. ಜನವರಿ ಕೊನೆಯ ಭಾನುವಾರ ಶಾಲೆಯ ಆವರಣದಲ್ಲಿ ಎರಡನೆಯ ರಕ್ತದಾನ ಶಿಬಿರ. ಹೊಣೆ ಯುವಕ ಸಂಘದವರದು. ಮಾರ್ಚ್ ಒಳಗೆ ಸಮುದಾಯ ಭವನದ ನಿವೇಶನದ ಬಗ್ಗೆ ವಿಚಾರಣೆ ಮತ್ತು ಲಿಖಿತ ವರದಿ. ಹೊಣೆ ಉಪಾಧ್ಯಕ್ಷರು ಮತ್ತು ಇಬ್ಬರು ಸದಸ್ಯರದು. ಜೂನ್ ಮೊದಲ ವಾರದೊಳಗೆ ನಮ್ಮ ಪ್ರೌಢಶಾಲೆಯ 10 ಮಕ್ಕಳಿಗೆ ತಲಾ 3,000 ರೂಪಾಯಿ, ಹೊಣೆ ಕಾರ್ಯದರ್ಶಿಗಳದು. ಏನಾಯಿತೆಂದು ಮುಂದಿನ ಸಂಚಿಕೆಯ ಇದೇ ಪುಟದಲ್ಲಿ ಬರೆಯುತ್ತೇವೆ.’

ಸುಮಾರು 120 ಪದ. ಹಬ್ಬದ ಬಗ್ಗೆ, ಊರಿನ ಬಗ್ಗೆ ಅಧ್ಯಕ್ಷರು ತಮ್ಮ ಮನಸ್ಸಿನ ಮಾತು ಸೇರಿಸಲು ಇನ್ನೂ ಅರ್ಧ ಪುಟ ಉಳಿದಿದೆ. ಹಿಂದಿನ ಅಧ್ಯಕ್ಷರೊಬ್ಬರು ತೀರಿಕೊಂಡಿದ್ದರೆ ಅವರನ್ನು ನೆನೆಯುವ ಜಾಗವೂ ಅದೇ.

ಮರುವರ್ಷದ ಪುಟ ಬರೆಯುವಾಗ ಈ ಮೂರರಲ್ಲಿ ಒಂದು ಆಗಿರದಿರಬಹುದು. ಆಗಲಿಲ್ಲ ಎಂದೂ, ಯಾಕೆ ಆಗಲಿಲ್ಲ ಎಂದೂ ಬರೆಯಬೇಕು: ನಿವೇಶನದ ಕಡತ ಸಿಗಲಿಲ್ಲ, ಶಿಬಿರದ ದಿನ ರಕ್ತನಿಧಿಯ ವಾಹನ ಬೇರೆಡೆ ಹೋಗಿತ್ತು, ಹೀಗೆ. ಅಧ್ಯಕ್ಷರು ಬದಲಾಗಿದ್ದರೆ ಹಿಂದಿನವರ ಗುರಿಗೆ ಉತ್ತರ ಕೊಡುವ ಕೆಲಸ ಹೊಸಬರದು, ಏಕೆಂದರೆ ಮಾತು ಕೊಟ್ಟದ್ದು ಸಮಿತಿ. ಇದಕ್ಕಾಗಿ ಪ್ರತಿ ಸಂಚಿಕೆಯ ಎರಡು ಪ್ರತಿಗಳನ್ನು ಲೆಕ್ಕದ ಪುಸ್ತಕಗಳ ಜೊತೆಯಲ್ಲೇ ಕಟ್ಟಿಡಬೇಕು, ಮತ್ತು ಹೊಸ ಅಧ್ಯಕ್ಷರಿಗೆ ಅಧಿಕಾರ ಒಪ್ಪಿಸುವ ದಿನ ಬೀಗದ ಕೈ, ರಸೀದಿ ಪುಸ್ತಕಗಳೊಡನೆ ಅವನ್ನೂ ಎಣಿಸಿ ಕೊಡಬೇಕು.